ಬಾಕ್ಸ್ ಮಾತಾಡದೆ ಕೇಕ್ ಕೊಡುವುದಿಲ್ಲ

ಯುಪಿಐನಲ್ಲಿ ಹಣ ಬಂದರೆ ಕೂಗಿ ಹೇಳುವ ಸೌಂಡ್ ಬಾಕ್ಸ್ ನಮ್ಮ ಬೇಕರಿಗೆ ಬಂದು ಎರಡು ವರ್ಷ ಆಗುತ್ತಾ ಬಂತು. ತಿಂಗಳಿಗೆ ನೂರು ಚಿಲ್ಲರೆ ಬಾಡಿಗೆ. "ಸುಮ್ನೆ ದಂಡ, ಫೋನಿಗೆ ಮೆಸೇಜ್ ಬರಲ್ವಾ?" ಎಂದು ಭಾವ ಬೈದಿದ್ದರು. ಈಗ ಅವರ ಅಂಗಡಿಯಲ್ಲೂ ಒಂದಿದೆ.

ಅದಕ್ಕೆ ಮುಂಚೆ ಐದಾರು ತಿಂಗಳಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ ಕಳೆದುಕೊಂಡಿದ್ದೆ. ಸಂಜೆ ಪಫ್ಸ್ ಬಿಸಿ ಇರುವಾಗ ಜನ ಮುಗಿಬೀಳುತ್ತಾರೆ. ಫೋನಿನಲ್ಲಿ ಹಸಿರು ಟಿಕ್ ತೋರಿಸಿದರೆ ಸಾಕು, ಕೊಟ್ಟು ಕಳಿಸುತ್ತಿದ್ದೆ. ರಾತ್ರಿ ಲೆಕ್ಕ ತಾಳೆ ಆಗುತ್ತಿರಲಿಲ್ಲ. ಹಳೇ ಪೇಮೆಂಟಿನ ಚಿತ್ರ, ನಕಲಿ ಆ್ಯಪಿನಲ್ಲಿ ಮಾಡಿದ ಚಿತ್ರ, ಎರಡೂ ನೋಡಲು ಅಸಲಿಯ ಹಾಗೇ ಇರುತ್ತವೆ. ಅದು ಅವರ ಫೋನಿನ ಪರದೆ. ನಮ್ಮ ಖಾತೆಯ ಕಥೆ ಅದರಲ್ಲಿ ಇರುವುದಿಲ್ಲ.

ಬಾಕ್ಸ್ ಬಂದ ಮೇಲೂ ಒಂದು ಸಲ ಎಡವಿದೆ. ಇಡೀ ಬೆಳಿಗ್ಗೆ ಅದು ಮಾತಾಡಲೇ ಇಲ್ಲ. ನೆಟ್‌ವರ್ಕ್ ಇಲ್ಲ ಅಂದುಕೊಂಡೆ. ನೋಡಿದರೆ ಯಾರೋ ನಮ್ಮ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರು! ಏಳೆಂಟು ನೂರು ಹೋಯಿತು. ಅಂದಿನಿಂದ ಬೋಣಿಗೆ ಮುಂಚೆ ಹೆಂಡತಿಯ ಫೋನಿನಿಂದ ಒಂದು ರೂಪಾಯಿ ಹಾಕುತ್ತೇನೆ. ಪರದೆ ಮೇಲೆ ನಮ್ಮ ಅಂಗಡಿಯ ಹೆಸರು ಬರಬೇಕು, ಬಾಕ್ಸ್ ಕೂಗಬೇಕು. ಸ್ಟಿಕ್ಕರ್, ಬಾಕ್ಸಿನ ಸಿಮ್, ಬ್ಯಾಟರಿ ಮೂರೂ ಒಂದೇ ರೂಪಾಯಿಯಲ್ಲಿ ಪರೀಕ್ಷೆ ಆಗುತ್ತವೆ.

ಬಾಕ್ಸನ್ನು ಎಲ್ಲೆಲ್ಲೋ ಇಟ್ಟು ನೋಡಿದ್ದೇನೆ. ಫ್ರಿಡ್ಜ್ ಹಿಂದೆ ಇಟ್ಟರೆ ಅರ್ಧ ನಿಮಿಷ ತಡ. ಗಾಜಿನ ಕಪಾಟಿನ ಮೇಲೆ ಎರಡು ಮೂರು ಸೆಕೆಂಡ್ ಅಷ್ಟೇ. ಇನ್ನೊಂದು, ಬಾಕ್ಸ್ ಕೂಗುವುದು ಅದಕ್ಕೆ ಜೋಡಿಸಿದ ಕ್ಯೂಆರ್‌ಗೆ ಬಂದ ಹಣಕ್ಕೆ ಮಾತ್ರ. ನನ್ನ ಸ್ವಂತ ನಂಬರಿಗೆ ಹಾಕಿದರೆ ಸುಮ್ಮನಿರುತ್ತದೆ. ಅದಕ್ಕೇ ನಂಬರ್ ಕೊಡುವುದನ್ನೇ ಬಿಟ್ಟೆ.

ಹೋದ ದೀಪಾವಳಿಗೆ ಒಬ್ಬರು 1,840 ರೂಪಾಯಿಯ ಕೇಕ್, ಸ್ವೀಟ್ ಕಟ್ಟಿಸಿದರು. ಸ್ಕ್ರೀನ್‌ಶಾಟ್ ತೋರಿಸಿ, "ಅಣ್ಣಾ, ಹೋಗಿದೆ ನೋಡಿ, ಸರ್ವರ್ ಸ್ಲೋ" ಅಂದರು. ಬಾಕ್ಸ್ ಸುಮ್ಮನಿತ್ತು. ಪ್ರತಿ ಪೇಮೆಂಟಿಗೂ ಬೇರೆ ಬೇರೆ ಬರುವ ಯುಟಿಆರ್ ನಂಬರಿನ ಹನ್ನೆರಡು ಅಂಕಿ ಓದಿ ಎಂದೆ. ನಮ್ಮ ವ್ಯಾಪಾರಿ ಆ್ಯಪಿನ ಪಟ್ಟಿಯಲ್ಲಿ ಆ ನಂಬರೂ ಇಲ್ಲ, ಆ ಮೊತ್ತವೂ ಇಲ್ಲ. ಬ್ಯಾಂಕ್ ಮೆಸೇಜ್ ನೋಡಲಿಲ್ಲ, ಏಕೆಂದರೆ ನಮಗೆ ಹಣ ಖಾತೆಗೆ ಸೇರುವುದು ಒಟ್ಟಿಗೆ ರಾತ್ರಿ. "ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಹೋದವರು ಮತ್ತೆ ಬರಲಿಲ್ಲ. ಕೇಕ್ ಕಪಾಟಿನಲ್ಲೇ ಉಳಿಯಿತು.

ಬಾಕ್ಸ್ ಸುಮ್ಮನಿದ್ದರೆ ಎದುರಿನವರು ಕಳ್ಳರೇ ಅಂತಲ್ಲ. ಕಾಲೇಜು ಹುಡುಗಿಯೊಬ್ಬಳ ಖಾತೆಯಿಂದ ನಿಜವಾಗಿ 120 ಕಟ್ ಆಗಿತ್ತು, ನಮಗೆ ಬಂದಿರಲಿಲ್ಲ. ಪೆಂಡಿಂಗ್ ಅಂತ ತೋರಿಸುತ್ತಿತ್ತು. ಪಫ್ಸ್ ಕೊಟ್ಟು, ನಂಬರ್ ಬರೆದುಕೊಂಡೆ. ಎರಡು ದಿನಕ್ಕೆ ಅವಳಿಗೇ ಹಣ ವಾಪಸ್ ಬಂತು, ಬಂದು ಕೊಟ್ಟು ಹೋದಳು.

ಫೋನಿನಲ್ಲಿ ಬಾಕ್ಸಿನ ದನಿಯನ್ನೇ ಹಾಕಿ ಕೇಳಿಸುವವರೂ ಇದ್ದಾರೆ. ಅದನ್ನು ಹಿಡಿಯಲು ನನ್ನದೊಂದು ಗುರುತಿದೆ. ಇಲ್ಲಿ ಬರೆದರೆ ಅವರೂ ಓದುತ್ತಾರಲ್ವಾ, ಅದಕ್ಕೇ ಬರೆಯುತ್ತಿಲ್ಲ. ಅಂಗಡಿಗೆ ಬಂದರೆ ಹೇಳುತ್ತೇನೆ.