ಈಗಲೇ ಕಳಿಸೋದಾ, ಬೆಳಗ್ಗೆ ಕಳಿಸೋದಾ, ಮಲಗೆದ್ದು ನೋಡೋದಾ?

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಒಂದು ರಾತ್ರಿ 10.40ಕ್ಕೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಮೇಲ್ ಬಂತು. 38 ಪ್ಯಾಂಟಿನ ಜಿಪ್ಪು ಹಿಡಿಯುತ್ತಿದೆ, ಬಿಲ್ಲಿನಲ್ಲಿ 9,500 ರೂಪಾಯಿ ಮುರಿದುಕೊಳ್ಳುತ್ತೇನೆ ಅಂತ. ಜಿಪ್ಪು ಕಳಿಸಿದವರು ಅವರೇ! ನಾನು ಕೂತ ಜಾಗದಲ್ಲೇ ಒಂದು ಪುಟ ಉತ್ತರ ಬರೆದೆ. ಹಳೆಯ ಬಾಕಿ, ತಡವಾದ ಬಟ್ಟೆ, ಎಲ್ಲಾ ಬಂತು.

ಕಳಿಸುವ ಮುಂಚೆ ಅದನ್ನು ಮೂರು ತುಂಡು ಮಾಡಿದೆ. ಒಂದೇ ಮೇಲ್‌ನಲ್ಲಿ ಅವಸರದ ಮಾತು, ಲೆಕ್ಕದ ಮಾತು, ಸಿಟ್ಟಿನ ಮಾತು ಕಲಸಿಕೊಂಡಿರುತ್ತವೆ. ಅವಸರದ ಮಾತಿನ ನೆಪದಲ್ಲಿ ಸಿಟ್ಟೂ ಹೊರಟುಬಿಡುತ್ತದೆ, ಅಲ್ವಾ?

ಮೊದಲ ತುಂಡು: ಈಗಲೇ. ಬೆಳಗಿನ ತನಕ ಕಾದರೆ ಏನಾದರೂ ಕೆಡುತ್ತದಾ ಎಂದು ಕೇಳಿಕೊಳ್ಳಿ. ನಮ್ಮಲ್ಲಿ ಬೆಳಗ್ಗೆ 8ಕ್ಕೆ 600 ಪ್ಯಾಂಟಿನ ಮುಂದಿನ ಲಾಟಿಗೆ ಅದೇ ಜಿಪ್ಪು ಬೀಳುವುದಿತ್ತು. ಹಾಗಾಗಿ ಆ ರಾತ್ರಿಯೇ ವಾಟ್ಸಾಪ್ ಮಾಡಿದೆ: "ಅಣ್ಣಾರ, ನಾಳಿನ ಲಾಟಿಗೆ ಜಿಪ್ಪು ಹಾಕೋದು ನಿಲ್ಲಿಸೀನ್ರಿ. 500 ಹೊಸ ಜಿಪ್ಪು ಕಳಿಸ್ರಿ." ಅಷ್ಟೇ, ತಪ್ಪು ಯಾರದು ಅನ್ನುವ ಸುದ್ದಿ ಇಲ್ಲ. ಆದರೆ ಬೇಕಿದ್ದದ್ದು 600. ವಾಟ್ಸಾಪಿನಲ್ಲಿ ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದೆ. ಅಳಿಸುವುದಕ್ಕೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿಯೇ ಸಮಯ ಸಿಗುತ್ತದೆ. ಆದರೆ ಅಳಿಸಿದ ಜಾಗದಲ್ಲಿ ಅಳಿಸಿದ ಗುರುತು ಉಳಿಯುತ್ತದೆ. "ಏನ್ ಡಿಲೀಟ್ ಮಾಡಿದ್ರಿ?" ಅಂತ ಫೋನ್ ಬರುವುದು ಗ್ಯಾರಂಟಿ. ನೋಟಿಫಿಕೇಶನ್‌ನಲ್ಲಿ ಅವರು ಆಗಲೇ ಓದಿಬಿಟ್ಟಿರಲೂಬಹುದು.

ಎರಡನೆಯದು: ಬೆಳಗ್ಗೆ. ಲಾಟ್ ನಂಬರು, ಕಳಿಸಿದ ಪೀಸು, ವಾಪಸ್ ಬಂದ ಪೀಸು. ಇದರಲ್ಲಿ ಬದಲಾಗುವ ಮಾತಿಲ್ಲ, ಹೊತ್ತು ಮಾತ್ರ ಸರಿಯಿಲ್ಲ. ಜಿಮೇಲ್‌ನಲ್ಲಿ Send ಪಕ್ಕದ ಸಣ್ಣ ಬಾಣ ಒತ್ತಿ Schedule send ಆರಿಸಿ. ಫೋನಿನಲ್ಲಾದರೆ ಮೇಲಿನ ಮೂರು ಚುಕ್ಕಿಯಲ್ಲಿದೆ. ನಾನು 10.30 ಇಟ್ಟೆ, ಅವರು ಅಂಗಡಿ ತೆಗೆದು ಗಲ್ಲಾಪೆಟ್ಟಿಗೆಗೆ ಪೂಜೆ ಮಾಡಿ ಕೂರುವ ಹೊತ್ತು. ಈ ಮೇಲ್ ಗೂಗಲ್‌ನ ಸರ್ವರಿನಿಂದ ಹೋಗುತ್ತದೆ. ನಮ್ಮ ಓಣಿಯಲ್ಲಿ ಕರೆಂಟ್ ಹೋದರೂ ನಿಮ್ಮ ಫೋನ್ ಆಫ್ ಆದರೂ ಹೋಗುತ್ತದೆ. ಗೂಗಲ್ ಮೆಸೇಜಸ್‌ನಲ್ಲಿ ಶೆಡ್ಯೂಲ್ ಮಾಡಿದ ಎಸ್ಸೆಮ್ಮೆಸ್ ಹಾಗಲ್ಲ, ಅದಕ್ಕೆ ಫೋನ್ ಆನ್ ಇರಬೇಕು.

ಶೆಡ್ಯೂಲ್‌ನ ಅಪಾಯವೂ ಇದೇ. ನಡುವೆ ಏನೇ ಆಗಲಿ, ಅದು ಹೊರಡುತ್ತದೆ. ಬೆಳಗ್ಗೆ 10ಕ್ಕೆ ಅವರೇ ಫೋನ್ ಮಾಡಿದರು: "ಆ 38ರಾಗ 12 ಬ್ಯಾರೆ ಯೂನಿಟ್‌ನವು ಅದಾವ್ರಿ." ನನ್ನ ಲೆಕ್ಕದ ಮೇಲ್ ಆಗಲೇ ಹಳತಾಗಿತ್ತು. Scheduled ಫೋಲ್ಡರಿಗೆ ಹೋಗಿ Cancel send ಒತ್ತಿದೆ, ಅದು ಡ್ರಾಫ್ಟಿಗೆ ಮರಳಿತು. ಅದಕ್ಕೇ ಸಿಟ್ಟಿನ ಮೇಲ್ ಮಾತ್ರ ಶೆಡ್ಯೂಲ್ ಮಾಡಬೇಡಿ. ಮರೆತರೆ ಅದು ನಿಮ್ಮನ್ನು ಕೇಳದೇ ಹೋಗುತ್ತದೆ.

ಮೂರನೆಯದು: ಮಲಗೆದ್ದು. ಯಾರ ತಪ್ಪು, ಯಾರು ದುಡ್ಡು ಕೊಡಬೇಕು ಅನ್ನುವುದೆಲ್ಲ ಇಲ್ಲಿ. ಡ್ರಾಫ್ಟಿನಲ್ಲಿಡಿ, ಆದರೆ To ಜಾಗ ಖಾಲಿ ಮಾಡಿ. ಬೆರಳು ಜಾರಿದರೂ ವಿಳಾಸವಿಲ್ಲದ ಮೇಲ್ ಹೋಗುವುದಿಲ್ಲ. ಬೆಳಗ್ಗೆ ಓದುವಾಗ ಒಂದೊಂದು ಸಾಲಿಗೂ ಕಾಗದ ತೋರಿಸಬಲ್ಲೆನಾ ನೋಡಿ. ನಾನು ಚಲನ್ ತೆಗೆಸಿದೆ. ನಮ್ಮ ಕಟಿಂಗ್ ಮಾಸ್ತರು ಹೇಳಿದರು, "ಒಂದ್ ಡಬ್ಬಿ ಅವ್ರದು, ಇನ್ನೊಂದು ನಾವು ತಂದದ್ದರೀ ಸಾವ್ಕಾರ್ರ, ಕಡಿಮಿ ಬಿದ್ದಿತ್ತಲ್ಲ." "ಜಿಪ್ಪೆಲ್ಲಾ ನಿಮ್ಮದೇ" ಎಂದು ಬರೆದದ್ದು ಅರ್ಧ ಸುಳ್ಳಾಗಿತ್ತು.

ಇನ್ನು ಅನ್‌ಡೂ. ಹೋದ ಮೇಲ್ ವಾಪಸ್ ಎಳೆದು ತರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಇಲ್ಲ. ಜಿಮೇಲ್ ಸುಮ್ನೆ ಕೆಲವು ಸೆಕೆಂಡ್ ಹೊಸ್ತಿಲಲ್ಲಿ ಹಿಡಿದಿಟ್ಟುಕೊಂಡಿರುತ್ತದೆ, ಆಮೇಲೆ ಬಿಡುತ್ತದೆ. ಬಿಟ್ಟ ಮೇಲೆ ಏನೂ ಮಾಡಲಾಗದು. ಮೊದಲಿಗೆ ಇರುವುದು 5 ಸೆಕೆಂಡ್. ಕಂಪ್ಯೂಟರಿನಲ್ಲಿ Settings, See all settings, General ಎಂದು ಹೋಗಿ Undo Send ಎದುರು 30 ಮಾಡಿ. ಕೆಳಗೆ Save Changes ಒತ್ತದಿದ್ದರೆ ಮಾಡಿದ್ದು ಉಳಿಯುವುದಿಲ್ಲ. ಚಲನ್ ಜೋಡಿಸಲಿಲ್ಲ, ಅದೇ ಹೆಸರಿನ ಇನ್ನೊಬ್ಬರಿಗೆ ಹೋಯಿತು, ಸೊನ್ನೆ ಜಾಸ್ತಿ ಬಿತ್ತು. ಇಂಥವು ಒತ್ತಿದ ಕೂಡಲೇ ಹೊಳೆಯುತ್ತವೆ, ಅದಕ್ಕೆ 30 ಸೆಕೆಂಡ್ ಸಾಕು. ಸಿಟ್ಟು ಇಳಿಯುವುದಕ್ಕೆ ಸಾಲದು.

ಕೊನೆಗೆ ಮಧ್ಯಾಹ್ನ ಹೋದ ಮೇಲ್ ಮೂರು ಸಾಲಿನದು: "26 ಪ್ಯಾಂಟು ನಮ್ಮವು. ಎರಡೂ ಚಲನ್ ಇದರೊಂದಿಗಿವೆ. ನಾವು ತಂದ ಜಿಪ್ಪಿನ ಪೀಸುಗಳನ್ನು ಹಣವಿಲ್ಲದೆ ಸರಿಮಾಡಿಕೊಡುತ್ತೇವೆ, ಉಳಿದವನ್ನು ಮಾತಾಡೋಣ." ಕಳಿಸಿದ ತಕ್ಷಣ ಅನ್‌ಡೂ ಒತ್ತಬೇಕಾಯಿತು. ಚಲನ್ ಒಂದೇ ಜೋಡಿಸಿದ್ದೆ.