ಹದಿನಾರು ಸ್ಲೈಡ್‌ನಿಂದ ನಾಲ್ಕು ನಿಮಿಷದ ಫೋನ್ ಮಾತಿಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಗೊಬ್ಬರ–ಔಷಧಿ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಮಾರುವುದು ನನ್ನ ಕೆಲಸ. ಡೆಮೊಗೆ ಇರುವುದು 16 ಸ್ಲೈಡ್. ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಲು ಅದು ಚೆನ್ನಾಗಿದೆ. ಫೋನ್‌ನಲ್ಲಿ ಅದನ್ನೇ ಒಪ್ಪಿಸಿದರೆ ಎರಡನೇ ಸ್ಲೈಡ್ ಮುಗಿಯುವ ಮೊದಲೇ "ವಾಟ್ಸಾಪ್ ಮಾಡಿ, ನೋಡ್ತೀನಿ" ಅಂತ ಕಟ್ ಆಗುತ್ತದೆ. ಆ ಕಡೆಯವರಿಗೆ ಪರದೆ ಕಾಣುವುದಿಲ್ಲ, ಎದುರಿಗೆ ಗಿರಾಕಿ ನಿಂತಿರುತ್ತಾನೆ. ಹಾಗಾಗಿ ಸ್ಲೈಡ್‌ಗಳನ್ನು ಮಾತಾಗಿ ಬದಲಾಯಿಸುವ ಕೆಲಸವನ್ನು ನಾನು ಕಾಗದದ ಮೇಲೆ ಮಾಡಿದೆ.

ಎ4 ಹಾಳೆಗೆ ನಾಲ್ಕು ಸ್ಲೈಡ್‌ನಂತೆ ಪ್ರಿಂಟ್ ತೆಗೆದರೆ ನಾಲ್ಕು ಹಾಳೆ ಆಗುತ್ತದೆ. ಪ್ರತಿ ಸ್ಲೈಡ್ ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಸಾಲು ಬರೆದೆ. ಅಂಗಡಿಯವರ ಯಾವ ಪ್ರಶ್ನೆಗೆ ಇದು ಉತ್ತರ? ಇದನ್ನು ಕೇಳಿದ ಕೂಡಲೇ ಅವರು ತಿರುಗಿ ಏನು ಹೇಳುತ್ತಾರೆ? ಮೊದಲ ಸಾಲು ಖಾಲಿ ಉಳಿದ ಸ್ಲೈಡ್‌ಗಳನ್ನೆಲ್ಲ ಹೊಡೆದು ಹಾಕಿದೆ. ಕಂಪನಿಯ ಪರಿಚಯ, ಕಚೇರಿಯ ಫೋಟೊ, ಕ್ಲೌಡ್ ಹೇಗೆ ಕೆಲಸ ಮಾಡುತ್ತದೆ ಎಂಬ ಚಿತ್ರ, ಎಲ್ಲ ಹೋದವು. ಉಳಿದ ಏಳನ್ನು ಗುಂಪು ಮಾಡಿದರೆ ಮೂರೇ ವಿಷಯ: ಔಷಧಿಯ ಬ್ಯಾಚ್ ಮತ್ತು ಡೇಟು, ಉದ್ರಿ, ಜಿಎಸ್‌ಟಿ. ಒಂದು ಕರೆಗೆ ಇವುಗಳಲ್ಲಿ ಒಂದೇ ಸಾಕು. ಮೂರನ್ನೂ ಹೇಳಹೊರಟರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಆಮೇಲೆ ಪರದೆಯ ಮೇಲಿರುವುದನ್ನು ಅಂಗಡಿಯೊಳಗಿನ ಸಂಗತಿಯಾಗಿ ಬರೆಯಬೇಕು. ಆರನೇ ಸ್ಲೈಡ್‌ನಲ್ಲಿ "ಬ್ಯಾಚ್‌ವಾರು ಅವಧಿ ಎಚ್ಚರಿಕೆ" ಎಂಬ ತಲೆಬರಹ, ಅದರ ಕೆಳಗೆ ಕೆಂಪು ಬಣ್ಣದ ಪಟ್ಟಿ ಇದೆ. ಫೋನ್‌ನಲ್ಲಿ ಕೆಂಪಿಗೆ ಅರ್ಥವಿಲ್ಲ. ಡೇಟು ಮುಗಿದ ಕೀಟನಾಶಕವನ್ನು ಬೇರೆ ತೆಗೆದಿಟ್ಟು, ಮಾರಾಟಕ್ಕಲ್ಲ ಎಂದು ಗುರುತು ಹಾಕಬೇಕು ಎಂಬುದು ನಿಯಮ. ಅಂಗಡಿಯವರಿಗೆ ಇದು ಗೊತ್ತು, ತಪಾಸಣೆಗೆ ಬಂದವರು ಮೊದಲು ಕಪಾಟಿನ ಕಡೆ ನೋಡುತ್ತಾರೆ ಎಂಬುದೂ ಗೊತ್ತು. ಆದ್ದರಿಂದ ಮಾತು ಹೀಗಾಯಿತು: "ಕಪಾಟಿನ ಹಿಂದಿನ ಸಾಲಲ್ಲಿ ಉಳಿದಿರೋ ಬಾಟ್ಲಿ ಡೇಟು ಮುಗಿಯೋಕೆ 90 ದಿನ ಇದ್ದಾಗಲೇ ಅದರ ಹೆಸರು, ಬ್ಯಾಚ್ ನಂಬರ್ ನಿಮ್ಮ ಮೊಬೈಲಿಗೆ ಬರ್ತದೆ ಸರ್. ವಾಪಸ್ ಕೊಡೋ ಮಾತು ಡಿಸ್ಟ್ರಿಬ್ಯೂಟರ್ ಹತ್ರ ಆಗಲೇ ಆಡಬಹುದು."

ಇದಕ್ಕೆ ಮುಂಚೆ ಕೇಳುವ ಪ್ರಶ್ನೆಯಲ್ಲೇ ಕರೆ ಕೆಡುವ ಸಂಭವ ಹೆಚ್ಚು. "ನಿಮ್ಮಲ್ಲಿ ಡೇಟು ಮುಗಿದ ಮಾಲು ಇದೆಯಾ?" ಎಂದು ನನ್ನ ಮೊದಲ ಕರಡಿನಲ್ಲಿ ಇತ್ತು. ಗುರುತಿಲ್ಲದ ನಂಬರ್‌ನಿಂದ ಈ ಪ್ರಶ್ನೆ ಬಂದರೆ ಇಲಾಖೆಯವರು ಕೇಳಿದಂತೆ ಇರುತ್ತದೆ, ಉತ್ತರ "ಏನೂ ಇಲ್ಲ" ಎಂದೇ ಬರುತ್ತದೆ. "ಔಷಧಿ ಡೇಟು ನೋಡೋದು ನೀವೇನಾ ಸರ್, ಅಂಗಡಿ ಹುಡುಗ್ರಾ?" ಎಂದು ಬದಲಿಸಿದೆ. ಇದಕ್ಕೆ ಜನ ಉತ್ತರ ಕೊಡುತ್ತಾರೆ, ಜತೆಗೆ ತೊಂದರೆಯನ್ನೂ ಹೇಳಿಬಿಡುತ್ತಾರೆ.

ಇನ್ನು ಆಕ್ಷೇಪಗಳು. ಇವನ್ನು ಕೂತು ಊಹಿಸಿ ಬರೆದರೆ ಪುಸ್ತಕದ ಭಾಷೆ ಬರುತ್ತದೆ, ಉತ್ತರವೂ ಹಾಗೇ ಆಗುತ್ತದೆ. ಹಿಂದಿನ ಡೆಮೊಗಳಲ್ಲಿ ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಂಡೆ. ಅತಿ ಹೆಚ್ಚು ಬಂದದ್ದು ಇದು: "ಗೌರ್ಮೆಂಟ್ ಪಿಒಎಸ್ ಮಿಷನ್ ಐತಲ್ಲ, ಇನ್ನೊಂದು ಯಾಕೆ?"

ಇದು ನ್ಯಾಯವಾದ ಪ್ರಶ್ನೆ. ಸಬ್ಸಿಡಿ ಗೊಬ್ಬರ 2018ರಿಂದ ದೇಶದ ಎಲ್ಲ ಕಡೆ ಆ ಯಂತ್ರದ ಮೂಲಕವೇ ಮಾರಾಟ ಆಗಬೇಕು. ಯೂರಿಯಾ, ಡಿಎಪಿ ಚೀಲ ಅದರಲ್ಲಿ ಎಂಟ್ರಿ ಆಗುತ್ತವೆ. ಕೀಟನಾಶಕ, ಬೀಜ, ಸ್ಪ್ರೇಯರ್ ಆಗುವುದಿಲ್ಲ. ತೆರಿಗೆಯೂ ಬೇರೆ ಬೇರೆ: ಬಿತ್ತನೆ ಬೀಜಕ್ಕೆ ಇಲ್ಲ, ಗೊಬ್ಬರಕ್ಕೆ 5%, ಕೀಟನಾಶಕಗಳಲ್ಲಿ ಹೆಚ್ಚಿನವಕ್ಕೆ 18%. ಹಾಗಾಗಿ ನನ್ನ ಉತ್ತರ:

"ನಿಜ ಸರ್, ಆ ಮಿಷನ್ ಇರಲೇಬೇಕು. ಅದು ಗೊಬ್ಬರದ ಚೀಲಕ್ಕೆ. ಔಷಧಿ, ಬೀಜದ ಬಿಲ್ಲು ಈಗ ಯಾವುದರಲ್ಲಿ ಬರೀತೀರಿ?"

ಇಲ್ಲಿ ನಿಲ್ಲಿಸಬೇಕು. ಸ್ಕ್ರಿಪ್ಟ್‌ನಲ್ಲಿ "ಸುಮ್ಮನಿರು" ಎಂದು ಬರೆದು ಸುತ್ತ ಗೆರೆ ಎಳೆದಿದ್ದೇನೆ, ಏಕೆಂದರೆ ಇದೇ ಜಾಗದಲ್ಲಿ ಜಿಎಸ್‌ಟಿ ವಿವರಿಸಲು ಬಾಯಿ ತುರಿಸುತ್ತದೆ. "ಬಿಲ್ ಬುಕ್ಕಲ್ಲಿ" ಎಂದರೆ ಬ್ಯಾಚ್ ನಂಬರ್ ವಿಷಯಕ್ಕೆ ಹೋಗಬೇಕು. "ಅಕೌಂಟೆಂಟ್ ನೋಡ್ಕೋತಾರೆ" ಎಂದರೆ ತಿಂಗಳ ಕೊನೆಯಲ್ಲಿ ಬಿಲ್ಲು ಜೋಡಿಸಿ ಕೊಡುವವರು ಯಾರು ಎಂದು ಕೇಳಬೇಕು.

ಒಂಬತ್ತನೇ ಸ್ಲೈಡ್‌ನಲ್ಲಿ "ಒಂದೇ ಎಂಟ್ರಿ, ಎಲ್ಲ ಲೆಕ್ಕ" ಎಂದಿದೆ. ಇದನ್ನು ಸ್ಕ್ರಿಪ್ಟ್‌ಗೆ ತರಲೇಬಾರದು. ನಮ್ಮ ಸಾಫ್ಟ್‌ವೇರ್ ಪಿಒಎಸ್ ಯಂತ್ರದೊಳಗೆ ಬರೆಯುವುದಿಲ್ಲ, ಗೊಬ್ಬರದ ಚೀಲವನ್ನು ಎರಡೂ ಕಡೆ ಹಾಕಬೇಕು. ಅದನ್ನು ನಾವೇ ಮೊದಲು ಹೇಳುತ್ತೇವೆ. ಮುಚ್ಚಿಟ್ಟು ಮಾರಿದರೆ ಮೊದಲ ಲೋಡ್ ಯೂರಿಯಾ ಇಳಿದ ದಿನವೇ ದೂರು ಬರುತ್ತದೆ, ವರ್ಷದ ಕೊನೆಗೆ ನವೀಕರಣವೂ ಹೋಗುತ್ತದೆ.

ಎರಡನೇ ದೊಡ್ಡ ಆಕ್ಷೇಪ ಉದ್ರಿಯದು. "ನಮ್ ಪುಸ್ತಕವೇ ಸಾಕು ಕಣಪ್ಪ." ಇದನ್ನು ಹುಟ್ಟಿಸಿದ್ದೇ ನಮ್ಮ ಸ್ಲೈಡ್. ಅದರಲ್ಲಿ ಹಳೇ ಖಾತೆ ಪುಸ್ತಕದ ಚಿತ್ರಕ್ಕೆ ಅಡ್ಡ ಗೀಟು ಹಾಕಲಾಗಿದೆ. ಕಬ್ಬಿನ ದುಡ್ಡು ಬಂದಾಗ ಕೊಡುತ್ತೇನೆ ಎಂದ ರೈತ ಆ ಪುಸ್ತಕದ ಪುಟ ನೋಡಿ, ತನ್ನ ರುಜು ನೋಡಿ ಹಣ ಕಟ್ಟುತ್ತಾನೆ. ಅದನ್ನು ಬಿಡಿ ಎನ್ನುವುದು ತಪ್ಪು. ಉತ್ತರ: "ಪುಸ್ತಕ ಇರಲಿ ಸರ್, ರುಜು ಅದರಲ್ಲೇ ಹಾಕಿಸಿ. ಯಾರದ್ದು ಎಷ್ಟು ಬಾಕಿ ಅನ್ನೋ ಕೊನೇ ಮೊತ್ತ ಮಾತ್ರ ಇದರಲ್ಲಿ ಇಡೋಣ. ಕಬ್ಬಿನ ಬಿಲ್ ಆದ ವಾರ ಊರುವಾರು ಪಟ್ಟಿ ತೆಗೆದರೆ ಆಯ್ತು."

ಕೂಡಲೇ ಮುಂದಿನ ಮಾತು ಬರುತ್ತದೆ: "ಅಷ್ಟೂ ಯಾರು ತುಂಬ್ತಾರೆ?" ಇದಕ್ಕೆ ಲೆಕ್ಕ ಹೇಳಬೇಕು. 300 ರೈತರಿದ್ದರೆ ಒಬ್ಬರಿಗೆ ಒಂದು ನಿಮಿಷದಂತೆ ಐದು ಗಂಟೆ. ನಾವು ಎರಡು ಮಧ್ಯಾಹ್ನ ಬಂದು ತುಂಬುತ್ತೇವೆ, ಅಂಗಡಿಯವರು ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಅವರಿಲ್ಲದೆ ಆಗದು, ಏಕೆಂದರೆ ಒಂದೇ ಊರಲ್ಲಿ ಇಬ್ಬರು ಸಿದ್ದೇಗೌಡರು ಇರುತ್ತಾರೆ. ತಂದೆ ಹೆಸರು ಸೇರಿಸದಿದ್ದರೆ ಒಬ್ಬರ ಬಾಕಿ ಇನ್ನೊಬ್ಬರ ಮೇಲೆ ಕೂರುತ್ತದೆ.

ಬೆಲೆಯ ಮಾತಿಗೆ ಸ್ಕ್ರಿಪ್ಟ್‌ನಲ್ಲಿ ಎರಡೇ ಸಾಲು ಇದೆ. ಕೇಳಿದರೆ ತಡವರಿಸದೆ ಮೊತ್ತ ಹೇಳುವುದು, "ಹೋದ ವರ್ಷ ಡೇಟು ಮುಗಿದು ಪಕ್ಕಕ್ಕಿಟ್ಟ ಮಾಲು ಎಷ್ಟಾಗಿತ್ತು ಸರ್?" ಎಂದು ಕೇಳುವುದು. ಲೆಕ್ಕ ಅವರ ಬಾಯಲ್ಲೇ ಬರಬೇಕು. ಆ ಮೊತ್ತ ನಮ್ಮ ವರ್ಷದ ಬೆಲೆಗಿಂತ ಕಡಿಮೆ ಇದ್ದರೆ ಒತ್ತಾಯ ಮಾಡುವುದಿಲ್ಲ, ಅಂಥ ಅಂಗಡಿಗೆ ಡೇಟಿನ ವಿಷಯ ಬಿಟ್ಟು ಉದ್ರಿಯಿಂದ ಶುರು ಮಾಡಬೇಕಿತ್ತು ಎಂದು ಗುರುತು ಹಾಕಿಕೊಳ್ಳುತ್ತೇನೆ.

ಬರೆದಾದ ಮೇಲೆ ಇಡೀ ಸ್ಕ್ರಿಪ್ಟನ್ನು ಸಹೋದ್ಯೋಗಿಗೆ ಫೋನ್ ಮಾಡಿ ಓದಿದೆ, ಎದುರುಬದುರು ಕೂತಲ್ಲ. ಒಂದೇ ಉಸಿರಿಗೆ ಹೇಳಲಾಗದ ವಾಕ್ಯಗಳನ್ನು ಮುರಿದೆ. "ಇಲ್ಲಿ ನೋಡಿ", "ಈ ಕಾಲಂ" ಎಂಬ ಮಾತುಗಳು ಮೂರು ಕಡೆ ಉಳಿದುಕೊಂಡಿದ್ದವು, ತೆಗೆದೆ. ನಾವು ಬಿಡದೆ ಆಡುವ ಮಾತು ಎಲ್ಲೂ 20 ಸೆಕೆಂಡ್ ದಾಟದಂತೆ ನೋಡಿಕೊಂಡೆ.

ಕರೆ ಮಾಡುವುದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರಗಳಲ್ಲಿ ಮಾಡುವುದೇ ಇಲ್ಲ. "ವಾಟ್ಸಾಪ್ ಮಾಡಿ" ಎಂದವರಿಗೆ 16 ಸ್ಲೈಡ್ ಕಳಿಸದೆ, ಮಾತಾಡಿದ ವಿಷಯದ ಒಂದೇ ಚಿತ್ರ ಕಳಿಸಿ, "ಗುರುವಾರ ಮೂರು ಗಂಟೆಗೆ ಅಂಗಡಿಗೆ ಬರಲಾ ಸರ್?" ಎಂದು ಅದರ ಕೆಳಗೆ ಬರೆಯುತ್ತೇನೆ.