ಮಗನ ವೇಷ, ಅಪ್ಪನ ಮೊಬೈಲು ಮತ್ತು ಸುತ್ತುತ್ತಲೇ ಇದ್ದ ಚಕ್ರ

ನನ್ನ ಮಗ ಬೆಂಗಳೂರಲ್ಲಿ ಯಕ್ಷಗಾನ ಕಲಿಯುತ್ತಾನೆ. ಹೋದ ವರ್ಷ ಮೊದಲ ಸಲ ಒಂದು ದೊಡ್ಡ ವೇಷ ಮಾಡಿದ. ನಲವತ್ತು ನಿಮಿಷದ ಆಟ, ಪೂರ್ತಿ ನನ್ನ ಫೋನಲ್ಲೇ ತೆಗೆದೆ. ಮನೆಗೆ ಬಂದವನೇ ಕ್ಲೌಡ್ ಡ್ರೈವ್‌ಗೆ ಹಾಕಿ, ಶಿರಸಿ ಹತ್ತಿರದ ಊರಲ್ಲಿರೋ ಅಪ್ಪನಿಗೆ ಲಿಂಕ್ ಕಳಿಸಿದೆ. ನನಗೆ ಅದು ಐದು ನಿಮಿಷದ ಕೆಲಸ, ಮನೆಗೆ ಫೈಬರ್ ಇದೆ.

ಸಂಜೆ ಅಪ್ಪನ ಫೋನು. "ಎಂತದೋ ಇದು, ಒಂದು ಹೆಜ್ಜೆ ಹಾಕ್ತಾನೆ, ನಿಂತ್ಕೊಳ್ತಾನೆ. ಚೆಂಡೆ ಬಾರಿಸಿದ್ದೇ ಕೇಳೋದಿಲ್ಲ."

ನೆಟ್ ಸರಿ ಇಲ್ಲ ಅಂತ ಹೇಳಿ ಸುಮ್ಮನಾಗಿಬಿಡಬಹುದಿತ್ತು. ಆದರೆ ಅದೇ ಫೋನಲ್ಲಿ ಅಪ್ಪ ದಿನಾ ರಾತ್ರಿ ಯೂಟ್ಯೂಬಲ್ಲಿ ತಾಳಮದ್ದಳೆ ನೋಡುತ್ತಾರೆ, ಅದು ನಿಲ್ಲೋದೇ ಇಲ್ಲ. ಹಾಗಾದ್ರೆ ಇದೊಂದು ಯಾಕೆ ನಿಲ್ಲುತ್ತೆ? ಮುಂದಿನ ವಾರ ಊರಿಗೆ ಹೋದಾಗ ಕೂತು ನೋಡಿದೆ.

ಮೊದಲು ಫೈಲಿನ ಗಾತ್ರ ನೋಡಿದೆ, 5.2 ಜಿಬಿ. ನೆಟ್ಟಿನ ವೇಗ ಹೇಳೋದು ಬಿಟ್ಟಲ್ಲಿ, ಫೈಲಿನ ಗಾತ್ರ ಹೇಳೋದು ಬೈಟಲ್ಲಿ, ಅದಕ್ಕೆ ಎಂಟರಿಂದ ಗುಣಿಸಬೇಕು. ಅಂದರೆ ಸುಮಾರು 41,600 ಮೆಗಾಬಿಟ್. ನಲವತ್ತು ನಿಮಿಷ ಅಂದರೆ 2,400 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 17 ಮೆಗಾಬಿಟ್ ಚಿಲ್ಲರೆ. ಈ ವಿಡಿಯೋ ನಿಲ್ಲದೆ ಓಡಬೇಕು ಅಂದರೆ ನೆಟ್ ಅಷ್ಟು ವೇಗದಲ್ಲಿ ಸತತವಾಗಿ ಬರಬೇಕು. ಜಗಲಿಯಲ್ಲಿ ಕೂತು ಸ್ಪೀಡ್ ಟೆಸ್ಟ್ ಮಾಡಿದೆ. ಸಂಜೆ ಏಳಕ್ಕೆ 4 ಬಂತು.

ಬಚ್ಚಲ ಹಂಡೆಗೆ ಸಣ್ಣ ಪೈಪಲ್ಲಿ ನೀರು ಬಿಟ್ಟು, ಕೆಳಗೆ ನಾಲ್ಕು ಪಟ್ಟು ದೊಡ್ಡ ನಲ್ಲಿ ತೆರೆದಿಟ್ಟ ಹಾಗೆ ಇದು. ಹಂಡೆ ಅಂದರೆ ಬಫರ್. ಪ್ಲೇಯರ್ ಮುಂದಿನ ಒಂದಷ್ಟು ಸೆಕೆಂಡಿನ ವಿಡಿಯೋ ಅದರಲ್ಲಿ ತುಂಬಿಟ್ಟುಕೊಂಡು ಅಲ್ಲಿಂದ ತೋರಿಸುತ್ತೆ. ಖಾಲಿ ಆದ ತಕ್ಷಣ ಚಕ್ರ ಸುತ್ತೋಕೆ ಶುರು. ನಮ್ಮಲ್ಲಿ ಹತ್ತು ಸೆಕೆಂಡ್ ನೆಟ್ ಬಂದರೆ 40 ಮೆಗಾಬಿಟ್ ಬರುತ್ತೆ, ಅದು ಎರಡು ಸೆಕೆಂಡ್ ಚಿಲ್ಲರೆ ಆಟಕ್ಕೆ ಸಾಕು, ಅಷ್ಟೇ. ಅಪ್ಪ ಹೇಳಿದ "ಒಂದು ಹೆಜ್ಜೆ" ಲೆಕ್ಕಕ್ಕೆ ಸರಿಯಾಗೇ ಇತ್ತು!

ಮೊದಲೆಲ್ಲ ವಿಡಿಯೋ ನಿಲ್ಲಿಸಿಟ್ಟು, ಟೀ ಕುಡಿದು ಬಂದರೆ ಗೆರೆ ಪೂರ್ತಿ ತುಂಬಿರ್ತಿತ್ತು, ನೆನಪಿದೆಯಾ? ಅದನ್ನೂ ಮಾಡಿ ನೋಡಿದೆ. ಆಗಲಿಲ್ಲ. ಈಗಿನ ಪ್ಲೇಯರ್‌ಗಳು ಸಾಮಾನ್ಯವಾಗಿ ಸ್ವಲ್ಪ ಮುಂದಕ್ಕೆ ತುಂಬಿ ನಿಲ್ಲಿಸಿಬಿಡುತ್ತವೆ, ಅರ್ಧದಲ್ಲೇ ಬಿಟ್ಟು ಹೋಗೋರ ಡೇಟಾ ಸುಮ್ನೆ ಹಾಳಾಗಬಾರದು ಅಂತ. ಇಡೀ ಫೈಲ್ ತುಂಬಿದ್ದರೂ ಅಷ್ಟೇ, 4ರ ವೇಗದಲ್ಲಿ ಹತ್ತತ್ತಿರ ಮೂರು ಗಂಟೆ ಕಾಯಬೇಕಿತ್ತು.

ಯೂಟ್ಯೂಬ್ ನಿಲ್ಲದೇ ಇರೋ ಗುಟ್ಟು ಬೇರೆ. ಅದು ಒಂದೇ ವಿಡಿಯೋನ ಚಿಕ್ಕದು, ದೊಡ್ಡದು ಅಂತ ಹಲವು ಪ್ರತಿ ಮಾಡಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡಿನ ತುಂಡುಗಳಾಗಿ ಇಟ್ಟಿರುತ್ತೆ. ನೆಟ್ ಕುಸಿದರೆ ಮುಂದಿನ ತುಂಡನ್ನ ಚಿಕ್ಕ ಪ್ರತಿಯಿಂದ ತರುತ್ತೆ. ಚಿತ್ರ ಮಸುಕಾಗುತ್ತೆ, ಆದರೆ ಮಾತು ನಿಲ್ಲಲ್ಲ. ನಮ್ಮ ಡ್ರೈವ್ ಕೂಡ ಬ್ರೌಸರಲ್ಲಿ ತೆರೆದರೆ 360ರ ಒಂದು ಪ್ರತಿ ತೋರಿಸಿತು, ಅದೇನೋ ಓಡಿತು. ಆದರೆ ಮುಖದ ಬಣ್ಣಗಾರಿಕೆ ಎಲ್ಲ ಕಲಸಿಹೋಗಿ ಯಾರು ನಮ್ಮ ಹುಡುಗ ಅಂತಲೇ ಗೊತ್ತಾಗಲಿಲ್ಲ. ಅಪ್ಪ ತೆರೆದಿದ್ದು ಬೇರೆ ಪ್ಲೇಯರಲ್ಲಿ, ಅಲ್ಲಿ ಬಂದಿದ್ದು ಮೂಲ ಫೈಲೇ.

ಡೌನ್‌ಲೋಡ್ ಮಾಡಿಬಿಡೋಣ ಅಂದರೆ ಇನ್ನೊಂದು ತೊಡಕು. ಅಪ್ಪನ ಪ್ಯಾಕಲ್ಲಿ ದಿನಕ್ಕೆ 1.5 ಜಿಬಿ. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಅದರಲ್ಲಿ ಫೋಟೋ ಬರೋದೇ ಕಷ್ಟ. 5.2 ಜಿಬಿ ಒಂದು ದಿನದಲ್ಲಿ ಬರೋ ಮಾತೇ ಇಲ್ಲ. ನಾನೇ ಪೆನ್‌ಡ್ರೈವಲ್ಲಿ ಒಯ್ದಿದ್ದೆ ಅಂತಿಟ್ಟುಕೊಳ್ಳಿ, ಅದೂ ಆಗ್ತಿರಲಿಲ್ಲ. ನನ್ನದು ಫ್ಯಾಟ್32 ಪೆನ್‌ಡ್ರೈವ್, ನಾಲ್ಕು ಜಿಬಿಗಿಂತ ದೊಡ್ಡ ಫೈಲನ್ನ ಅದು ತಗೊಳ್ಳೋದೇ ಇಲ್ಲ.

ಹಾಗಾಗಿ ಫೈಲಿನ ಗಾತ್ರವನ್ನೇ ಇಳಿಸೋಣ ಅಂತ ಬೆಂಗಳೂರಿಗೆ ಬಂದು ಲ್ಯಾಪ್‌ಟಾಪಲ್ಲಿ ffmpeg ಅನ್ನೋ ವಿಡಿಯೋ ಪ್ರೋಗ್ರಾಮಲ್ಲಿ ಇದನ್ನ ಓಡಿಸಿದೆ:

```
ffmpeg -i vesha.mp4 -vf scale=-2:720 -c:v libx264 -crf 23 -maxrate 1500k -bufsize 3000k -c:a aac -b:a 128k vesha720.mp4
```

ಇಲ್ಲಿ ಮುಖ್ಯವಾದದ್ದು `-maxrate`, ಸೆಕೆಂಡಿಗೆ ಎಷ್ಟು ಬಿಟ್ ಅನ್ನೋದಕ್ಕೆ ಹಾಕೋ ಮಿತಿ. ಯಕ್ಷಗಾನದಲ್ಲಿ ಕುಣಿತ ಜೋರಾದಾಗ ಚಿತ್ರ ಪ್ರತಿ ಕ್ಷಣ ಬದಲಾಗುತ್ತೆ, ಅಲ್ಲಿ ಫೈಲು ಜಾಸ್ತಿ ಬಿಟ್ ಬೇಡುತ್ತೆ. ಮಿತಿ ಹಾಕದಿದ್ದರೆ ಸರಾಸರಿ ಕಡಿಮೆ ಇದ್ದರೂ ಸರಿಯಾಗಿ ಕುಣಿತದ ಜಾಗದಲ್ಲೇ ನಿಲ್ಲುತ್ತೆ. ಕೊನೆಗೆ ಬಂದಿದ್ದು 470 ಎಂಬಿ, ಸೆಕೆಂಡಿಗೆ ಸುಮಾರು 1.6 ಮೆಗಾಬಿಟ್. ಮುಖದ ಬಣ್ಣ ಚೆನ್ನಾಗೇ ಕಾಣ್ತಿತ್ತು.

ಕಳಿಸಿದೆ. ಅಪ್ಪನ ಫೋನು ಮತ್ತೆ ಬಂತು, ಈ ಸಲ ದೂರು ಬೇರೆ: ಶುರುವೇ ಆಗ್ತಾ ಇಲ್ಲ, ಕಪ್ಪು ಪರದೆ, ಚಕ್ರ. ಇದು ನನ್ನದೇ ತಪ್ಪು. ಎಂಪಿ4 ಫೈಲಲ್ಲಿ ಯಾವ ಚಿತ್ರ ಎಲ್ಲಿದೆ ಅಂತ ಹೇಳೋ ಒಂದು ಸೂಚಿ ಇರುತ್ತೆ, ಪುಸ್ತಕದ ಪರಿವಿಡಿ ಥರ. ffmpeg ಅದನ್ನ ಬರೆಯೋದು ಎಲ್ಲ ಮುಗಿದ ಮೇಲೆ, ಫೈಲಿನ ಬಾಲದಲ್ಲಿ. ಪ್ಲೇಯರ್ ಬಾಲಕ್ಕೆ ಹೋಗಿ ಪರಿವಿಡಿ ಓದಿ ಮತ್ತೆ ತಲೆಗೆ ಬರಬೇಕು. ಆ ಕಡೆಯ ಸರ್ವರ್ ಫೈಲನ್ನ ನಡುವಿಂದ ಕೊಡಲ್ಲ ಅಂದರೆ ಇಡೀ ಫೈಲು ಇಳಿಯೋ ತನಕ ಒಂದು ಚಿತ್ರವೂ ಬರಲ್ಲ. ಮತ್ತೆ ಮೊದಲಿಂದ ಮಾಡೋದು ಬೇಡ, ಪರಿವಿಡಿಯನ್ನ ಮುಂದಕ್ಕೆ ತಂದರಾಯ್ತು, ಒಂದು ನಿಮಿಷವೂ ಹಿಡಿಯಲ್ಲ:

```
ffmpeg -i vesha720.mp4 -c copy -movflags +faststart vesha_appa.mp4
```

ಇದು ಕೂಡಲೇ ಶುರುವಾಯ್ತು. ಹಾಗಂತ ಸಂಜೆ ಹೊತ್ತು ಒಮ್ಮೊಮ್ಮೆ ನಿಲ್ಲೋದು ತಪ್ಪಲಿಲ್ಲ. 4 ಬರೋ ನೆಟ್ಟಲ್ಲಿ 1.6 ಬೇಡೋ ವಿಡಿಯೋ ಯಾಕೆ ನಿಲ್ಲಬೇಕು? ಸ್ಪೀಡ್ ಟೆಸ್ಟನ್ನ ಬಿಟ್ಟೂ ಬಿಟ್ಟೂ ಮಾಡೋಕೆ ತಂಗಿಗೆ ಹೇಳಿದೆ. ಒಮ್ಮೆ 6, ಮರುಕ್ಷಣ 0.8. ಊರಿನವರೆಲ್ಲ ಒಂದೇ ಟವರಿಗೆ ಜೋತುಬಿದ್ದ ಹೊತ್ತು ಅದು. ಅರ್ಧ ನಿಮಿಷ 0.8 ಬಂದರೆ ಆ ಹೊತ್ತಿಗೆ ಬೇಕಾದ್ದರಲ್ಲಿ ಸುಮಾರು ಅರ್ಧವಷ್ಟೇ ಬರುತ್ತೆ, ಹಂಡೆ ಖಾಲಿ. ಸ್ಟ್ರೀಮಿಂಗಿಗೆ ಸರಾಸರಿ ಎಷ್ಟು ಅನ್ನೋದು ಮುಖ್ಯ ಅಲ್ಲ, ಎಷ್ಟು ಕೆಳಗೆ ಬೀಳುತ್ತೆ, ಎಷ್ಟು ಹೊತ್ತು ಬಿದ್ದಿರುತ್ತೆ ಅನ್ನೋದು ಮುಖ್ಯ. ಡೌನ್‌ಲೋಡಿಗೆ ಇದರ ತಲೆಬಿಸಿ ಇಲ್ಲ, ನಡುವೆ ನಿಧಾನವಾದರೂ ಕೊನೆಗೆ ಸರಾಸರಿ ಲೆಕ್ಕವೇ.

ಬೆಳಗ್ಗೆ ಐದಕ್ಕೆ ಅದೇ ಜಗಲಿಯಲ್ಲಿ 11 ಬರ್ತಿತ್ತು. ಅಪ್ಪ ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. 470 ಎಂಬಿ ಆರು ನಿಮಿಷದಲ್ಲಿ ಇಳಿಯಿತು. ಒಂದು ವಿಷಯ ಮಾತ್ರ ತಂಗಿಗೆ ಎರಡು ಸಲ ಹೇಳಬೇಕಾಯ್ತು: ಡ್ರೈವ್ ಆಪಲ್ಲಿ "ಆಫ್‌ಲೈನ್" ಅಂತ ಒತ್ತಿದರೆ ಫೈಲು ಆ ಆಪ್ ಒಳಗೇ ಉಳಿಯುತ್ತೆ, ಗ್ಯಾಲರಿಯಲ್ಲಿ ಸಿಗಲ್ಲ, ಟಿವಿಗೆ ಹಾಕೋಕೆ ಪೆನ್‌ಡ್ರೈವಿಗೂ ಹೋಗಲ್ಲ. "ಡೌನ್‌ಲೋಡ್" ಅಂತಲೇ ಒತ್ತಬೇಕು.

ಅಪ್ಪ ಆ ಆಟವನ್ನ ಎಷ್ಟು ಸಲ ನೋಡಿದರೋ ಲೆಕ್ಕ ಇಲ್ಲ, ಬಂದವರಿಗೆಲ್ಲ ತೋರಿಸಿದ್ದಾರೆ. ಸ್ಟ್ರೀಮ್ ಮಾಡಿ ನೋಡಿದ್ದರೆ ಮೂರು ಸಲಕ್ಕೇ ಆ ದಿನದ ಡೇಟಾ ಹೆಚ್ಚುಕಡಿಮೆ ಖಾಲಿ. ನಾನಾದರೆ ಈಗಲೂ ಲಿಂಕಲ್ಲೇ ನೋಡ್ತೀನಿ. ಭಾಗವತರ ಯಾವುದೋ ಒಂದು ಪದ ಮಾತ್ರ ಬೇಕಿದ್ದರೆ ಅಲ್ಲಿಗೆ ಜಿಗಿದು ಕೇಳಿ ಮುಚ್ಚಿದರಾಯ್ತು, ಅಷ್ಟಕ್ಕೆ ಇಡೀ ಫೈಲು ಯಾಕೆ ಇಳಿಸಿಕೊಳ್ಳಲಿ.

ಆಮೇಲೆ ಮಗನ ಇನ್ನೂ ಆರು ಆಟಗಳು ಹೀಗೇ ಹೋದವು. ಹೋದ ತಿಂಗಳು ತಂಗಿ ಫೋನ್ ಮಾಡಿದ್ದಳು. ಅಪ್ಪನ ಮೊಬೈಲಲ್ಲಿ ಜಾಗ ಇಲ್ಲವಂತೆ, ವಾಟ್ಸಾಪ್ ಫೋಟೋ ಕೂಡ ಇಳೀತಿಲ್ಲವಂತೆ. ಒಂದಾದರೂ ಅಳಿಸೋಣ ಅಂದರೆ ಅಪ್ಪ ಫೋನನ್ನೇ ಕೈಗೆ ಕೊಡ್ತಿಲ್ಲ.